ಎಷ್ಟು ಓಡಿದರೂ ಅಳಿಯದ ಎರಡು ಸಂಖ್ಯೆಗಳು

ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರ ಎರಡೂ ನೋಡುವವನ ಓಟಕ್ಕೆ ತಕ್ಕಂತೆ ರೂಪ ಬದಲಿಸುತ್ತವೆ. ಆದರೆ ಅವುಗಳಿಂದ ಕಟ್ಟಿದ ಎರಡು ಲೆಕ್ಕಗಳು ಯಾರು ಯಾವ ವೇಗದಲ್ಲಿ ಓಡಿದರೂ ಕದಲುವುದಿಲ್ಲ. ತಾಮ್ರದ ತಂತಿಯಿಂದ ಹಿಡಿದು ಸೆಕೆಂಡಿಗೆ ಮೂವತ್ತು ಸುತ್ತು ತಿರುಗುವ ನಕ್ಷತ್ರದವರೆಗೆ ಆ ಎರಡು ಸಂಖ್ಯೆಗಳು ಹೇಳುವ ಕಥೆ ಇದು.

ಪಿಯುಸಿಯಲ್ಲಿ ನಮ್ಮ ಮೇಷ್ಟ್ರು ಮೇಜಿನ ಮೇಲೆ ಒಂದು ತಾಮ್ರದ ತಂತಿಯನ್ನು ಉತ್ತರ-ದಕ್ಷಿಣವಾಗಿ ಬಿಗಿದು ಕಟ್ಟಿ, ಅದರ ಕೆಳಗೆ ದಿಕ್ಸೂಚಿ ಇಟ್ಟು ಸ್ವಿಚ್ ಒತ್ತಿದ್ದರು. ಮುಳ್ಳು ಪಕ್ಕಕ್ಕೆ ವಾಲಿತು. 1820ರಲ್ಲಿ ಡೆನ್ಮಾರ್ಕಿನ ಅರ್‌ಸ್ಟೆಡ್ ಕಂಡದ್ದೂ ಇದನ್ನೇ. ತಂತಿಯಲ್ಲಿ ವಿದ್ಯುತ್ ಹರಿದರೆ ಸುತ್ತಲೂ ಕಾಂತಕ್ಷೇತ್ರ ಹುಟ್ಟುತ್ತದೆ. ಅಷ್ಟನ್ನು ಬರೆದುಕೊಂಡು ಮನೆಗೆ ಹೋದೆವು.

ಬಿ.ಎಸ್‌ಸಿ.ಗೆ ಬಂದಮೇಲೆ ಗ್ರಂಥಾಲಯದಲ್ಲಿ ಎಡ್ವರ್ಡ್ ಪರ್ಸೆಲ್ ಬರೆದ ವಿದ್ಯುತ್ಕಾಂತತ್ವದ ಪುಸ್ತಕ ಸಿಕ್ಕಿತು. ಬರ್ಕ್ಲಿ ಭೌತಶಾಸ್ತ್ರ ಮಾಲೆಯ ಎರಡನೆಯ ಸಂಪುಟ ಅದು, 1965ರದ್ದು. ಅದರಲ್ಲಿ ಆತ ಒಂದು ಸೊಗಸಾದ ದಾರಿ ಹಿಡಿಯುತ್ತಾನೆ. ನಿಂತ ವಿದ್ಯುದಾವೇಶದ ಸುತ್ತ ವಿದ್ಯುತ್ ಕ್ಷೇತ್ರ ಮಾತ್ರ ಇರುತ್ತದೆ. ಅದನ್ನೇ ಓಡುತ್ತಾ ನೋಡಿದರೆ, ಸಾಪೇಕ್ಷತಾ ಸಿದ್ಧಾಂತದ ಪ್ರಕಾರ, ಕಾಂತಕ್ಷೇತ್ರವೂ ಕಾಣಿಸಿಕೊಳ್ಳುತ್ತದೆ. ಓದಿ ಮುಗಿಸುವಷ್ಟರಲ್ಲಿ ನನಗೆ ಗುಟ್ಟು ತಿಳಿದುಹೋಯಿತು ಅನ್ನಿಸಿತ್ತು. ಕಾಂತತ್ವ ಎಂಬ ಬೇರೆ ವಸ್ತುವೇ ಇಲ್ಲ, ಅದು ಓಟದಿಂದ ಕಾಣುವ ವಿದ್ಯುತ್ತಿನ ಇನ್ನೊಂದು ಮುಖ ಮಾತ್ರ ಎಂದುಕೊಂಡು ಆ ಸಂಭ್ರಮದಲ್ಲೇ ನಮ್ಮ ಕಾಲೇಜಿನ ಮೇಷ್ಟ್ರ ಹತ್ತಿರ ಹೋಗಿ ಹೇಳಿದೆ.

"ಹಾಗೋ?" ಅಂದರು ಅವರು. "ಹಾಗಾದರೆ ತಂತಿಯ ಪಕ್ಕದಲ್ಲಿ ನೀನು ಎಷ್ಟು ವೇಗವಾಗಿ ಓಡಿದರೆ ಆ ಕಾಂತಕ್ಷೇತ್ರ ಪೂರ್ತಿ ಮಾಯವಾಗುತ್ತದೆ? ಲೆಕ್ಕ ಹಾಕಿಕೊಂಡು ಬಾ."

"ಎಲೆಕ್ಟ್ರಾನ್‌ಗಳು ಓಡುವ ವೇಗದಲ್ಲೇ ಓಡಿದರೆ ಆಯ್ತಲ್ಲ ಸಾರ್," ಅಂದೆ.

"ಬಾಯಲ್ಲಿ ಬೇಡ. ಹಾಕಿಕೊಂಡು ಬಾ."

ಮೂರು ದಿನ ಹಾಕಿದೆ. ಯಾವ ವೇಗಕ್ಕೂ ಮಾಯವಾಗಲಿಲ್ಲ. ನಿಧಾನ ಓಡಿದರೆ ಹಾಗೆಯೇ ಇತ್ತು, ಜೋರಾಗಿ ಓಡಿದರೆ ಇನ್ನೂ ಹೆಚ್ಚಾಯಿತು. ಎಲ್ಲೋ ತಪ್ಪಿದೆ ಎಂದುಕೊಂಡು ಹಾಳೆಗಳನ್ನು ಅವರ ಮುಂದಿಟ್ಟಾಗ ಅವರು ಕೊನೆಯ ಹಾಳೆಯ ಅಂಚಿನಲ್ಲಿ ಎರಡೇ ಸಾಲು ಬರೆದರು:

E² − c²B²

E·B

"ನಿನ್ನ ಲೆಕ್ಕ ಸರಿಯಾಗಿದೆ. ಯಾಕೆ ಸರಿ ಅನ್ನುವುದು ಇಲ್ಲಿದೆ," ಅಂದರು.

ಆರು ಸಂಖ್ಯೆಗಳಲ್ಲಿ ಉಳಿಯುವುದು ಎರಡು

ಇಲ್ಲಿ E ಎಂದರೆ ವಿದ್ಯುತ್ ಕ್ಷೇತ್ರ, B ಎಂದರೆ ಕಾಂತಕ್ಷೇತ್ರ, c ಬೆಳಕಿನ ವೇಗ. ಎರಡೂ ಕ್ಷೇತ್ರಗಳನ್ನು ಒಂದೇ ಅಳತೆಯಲ್ಲಿ ಹೋಲಿಸಬೇಕಾದ್ದರಿಂದ ಕಾಂತಕ್ಷೇತ್ರವನ್ನು c ಯಿಂದ ಗುಣಿಸುತ್ತೇವೆ. ಆಗ ಅದೂ ಮೀಟರಿಗೆ ಇಷ್ಟು ವೋಲ್ಟ್ ಎಂಬ ಲೆಕ್ಕಕ್ಕೆ ಬರುತ್ತದೆ. ಮೊದಲನೆಯದು ಎರಡರ ವರ್ಗಗಳ ವ್ಯತ್ಯಾಸ. ಎರಡನೆಯದು ಒಂದು ಕ್ಷೇತ್ರದ ಬಲವನ್ನು, ಅದೇ ದಿಕ್ಕಿಗೆ ಬಾಗಿರುವ ಇನ್ನೊಂದರ ಪಾಲಿನಿಂದ ಗುಣಿಸಿದ್ದು. ಎರಡು ಕ್ಷೇತ್ರಗಳು ಪರಸ್ಪರ ಲಂಬವಾಗಿದ್ದರೆ ಅದು ಸೊನ್ನೆ.

ಹೊಲದ ನಡುವೆ ನಿಂತವನೊಬ್ಬ ಬೇವಿನ ಮರ ನನ್ನಿಂದ ಪೂರ್ವಕ್ಕೆ ಮೂರು ಮಾರು, ಉತ್ತರಕ್ಕೆ ನಾಲ್ಕು ಮಾರು ಅನ್ನಬಹುದು. ಅದೇ ಜಾಗದಲ್ಲಿ ನಿಂತು ಮರದ ಕಡೆಗೇ ಮುಖ ಮಾಡಿದವನು ಮುಂದಕ್ಕೆ ಐದು ಮಾರು, ಪಕ್ಕಕ್ಕೆ ಏನೂ ಇಲ್ಲ ಅನ್ನುತ್ತಾನೆ. ಇಬ್ಬರ ಸಂಖ್ಯೆಗಳೂ ಬೇರೆ, ಆದರೂ ಮರ ಐದು ಮಾರು ದೂರದಲ್ಲಿದೆ ಎನ್ನುವುದರಲ್ಲಿ ಜಗಳವಿಲ್ಲ. ಕ್ಷೇತ್ರಗಳ ವಿಷಯದಲ್ಲಿ ತಿರುಗುವುದರ ಜೊತೆಗೆ ಓಡುವುದೂ ಸೇರಿಕೊಳ್ಳುತ್ತದೆ. ಓಡಿದಾಗ ಓಟದ ದಿಕ್ಕಿನಲ್ಲಿರುವ ಕ್ಷೇತ್ರದ ಭಾಗ ಹಾಗೆಯೇ ಉಳಿಯುತ್ತದೆ. ಅಡ್ಡಲಾಗಿರುವ ಭಾಗಗಳು ಮಾತ್ರ ಒಂದರೊಳಗೊಂದು ಬೆರೆಯುತ್ತವೆ: ಕಾಂತದ ಸ್ವಲ್ಪ ಪಾಲು ವಿದ್ಯುತ್ತಿಗೆ, ವಿದ್ಯುತ್ತಿನ ಸ್ವಲ್ಪ ಪಾಲು ಕಾಂತಕ್ಕೆ. ಈ ಬೆರಕೆ ಹೇಗೆ ನಡೆದರೂ ಆ ಎರಡು ಲೆಕ್ಕಗಳು ಮೊದಲಿದ್ದಷ್ಟೇ ಇರುತ್ತವೆ. 1905ರಲ್ಲಿ ಐನ್‌ಸ್ಟೈನ್ ಬರ್ನ್‌ನಲ್ಲಿದ್ದುಕೊಂಡು ಬರೆದ ಪ್ರಬಂಧ ಶುರುವಾಗುವುದೇ ಈ ಬೆರಕೆಯಿಂದ. ಕಾಂತ ಓಡಿ ಸುರುಳಿ ನಿಂತರೂ, ಸುರುಳಿ ಓಡಿ ಕಾಂತ ನಿಂತರೂ ಹುಟ್ಟುವ ವಿದ್ಯುತ್ ಒಂದೇ ಆಗಿರುವಾಗ ಎರಡಕ್ಕೆ ಎರಡು ಬೇರೆ ವಿವರಣೆ ಯಾಕೆ ಎಂದು ಆತ ಕೇಳಿದ. ಮೂರು ವರ್ಷ ಕಳೆದು ಹರ್ಮನ್ ಮಿಂಕೋವ್ಸ್ಕಿ, ವಿದ್ಯುತ್ತಿನ ಮೂರು ಮತ್ತು ಕಾಂತದ ಮೂರು ಘಟಕಗಳು ಸೇರಿ ಒಂದೇ ವಸ್ತು ಎಂದು ತೋರಿಸಿಕೊಟ್ಟ.

ಬದಲಾಗದವು ಎರಡೇ ಯಾಕೆ, ಮೂರೋ ನಾಲ್ಕೋ ಯಾಕಲ್ಲ? ನನಗೆ ತುಂಬ ಇಷ್ಟವಾದ ಉತ್ತರ ಹೀಗಿದೆ. ಕ್ಷೇತ್ರಕ್ಕೆ ಒಟ್ಟು ಆರು ಘಟಕಗಳು. ನಮಗಿರುವ ಸ್ವಾತಂತ್ರ್ಯವೂ ಆರು: ಮೂರು ದಿಕ್ಕಿಗೆ ತಿರುಗಬಹುದು, ಮೂರು ದಿಕ್ಕಿಗೆ ಓಡಬಹುದು. ಹಾಗಿದ್ದರೆ ಆರನ್ನೂ ಬೇಕಾದಂತೆ ಬದಲಿಸಿಬಿಡಬಹುದಲ್ಲ ಅನ್ನಿಸುತ್ತದೆ. ಆದರೆ ಸರಿಯಾಗಿ ಓಡಿ ಎರಡೂ ಕ್ಷೇತ್ರಗಳನ್ನು ಒಂದೇ ಗೆರೆಯ ಮೇಲೆ ತಂದು ನಿಲ್ಲಿಸಿದೆವು ಎನ್ನಿ. ಆಮೇಲೆ ಆ ಗೆರೆಯುದ್ದಕ್ಕೆ ಓಡಿದರೆ ಏನೂ ಬದಲಾಗುವುದಿಲ್ಲ, ಆ ಗೆರೆಯ ಸುತ್ತ ತಿರುಗಿದರೂ ಏನೂ ಬದಲಾಗುವುದಿಲ್ಲ. ಆರು ಸ್ವಾತಂತ್ರ್ಯಗಳಲ್ಲಿ ಎರಡು ಕೆಲಸಕ್ಕೆ ಬರಲಿಲ್ಲ. ಹಾಗಾಗಿ ಎರಡು ಸಂಖ್ಯೆಗಳು ನಮ್ಮ ಕೈಗೆ ಸಿಗದೆ ಉಳಿದವು.

ತಂತಿಯ ಪಕ್ಕದಲ್ಲಿ ಓಡಿದವನು

ನನ್ನ ಹಾಳೆಗಳ ಲೆಕ್ಕಕ್ಕೆ ಬರೋಣ. ತಂತಿಯಲ್ಲಿ 1 ಆಂಪಿಯರ್ ವಿದ್ಯುತ್ ಹರಿಯುತ್ತಿದೆ. ಅದರಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಕಾಂತಕ್ಷೇತ್ರ 20 ಮೈಕ್ರೋಟೆಸ್ಲಾ, ಅಂದರೆ ಕರ್ನಾಟಕದಲ್ಲಿ ಭೂಮಿಯ ಕಾಂತಕ್ಷೇತ್ರದ ಸುಮಾರು ಅರ್ಧ. ಮೇಷ್ಟ್ರ ದಿಕ್ಸೂಚಿಯ ಮುಳ್ಳು ವಾಲಲು ಅಷ್ಟು ಸಾಕು. ಅದನ್ನು c ಯಿಂದ ಗುಣಿಸಿದರೆ ಮೀಟರಿಗೆ 6,000 ವೋಲ್ಟ್. ತಂತಿಯಲ್ಲಿ ಧನ, ಋಣ ಆವೇಶಗಳು ಸರಿಸಮ ಇರುವುದರಿಂದ ಹೊರಗೆ ವಿದ್ಯುತ್ ಕ್ಷೇತ್ರ ಇಲ್ಲವೆನ್ನಬಹುದು. ಹಾಗಾಗಿ ಮೊದಲನೆಯ ಸಂಖ್ಯೆ ಸೊನ್ನೆಯಿಂದ 6,000ದ ವರ್ಗವನ್ನು ಕಳೆದದ್ದು, ಅಂದರೆ ಮೈನಸ್ 3.6 ಕೋಟಿ. ಎರಡನೆಯದು ಸೊನ್ನೆ.

ಈಗ ಎಲೆಕ್ಟ್ರಾನ್‌ಗಳು ಸಾಗುವ ದಿಕ್ಕಿನಲ್ಲಿ, ತಂತಿಯ ಉದ್ದಕ್ಕೂ, ಬೆಳಕಿನ ವೇಗದ ಹತ್ತರಲ್ಲಿ ಆರು ಪಾಲು ವೇಗದಲ್ಲಿ ಒಬ್ಬ ಓಡುತ್ತಾನೆ ಅಂದುಕೊಳ್ಳೋಣ. ಈ ವೇಗಕ್ಕೆ ಸಾಪೇಕ್ಷತೆಯ ಹಿಗ್ಗು 1.25. ಅವನಿಗೆ ತಂತಿಯ ಧನ ಅಯಾನುಗಳು ಹಿಂದಕ್ಕೆ ಓಡುತ್ತಿರುವಂತೆ ಕಂಡು ಒತ್ತೊತ್ತಾಗುತ್ತವೆ. ಎಲೆಕ್ಟ್ರಾನ್‌ಗಳು ಅವನ ದಿಕ್ಕಿನಲ್ಲೇ ಸಾಗುತ್ತಿರುವುದರಿಂದ ಅವುಗಳ ದಟ್ಟಣೆ ಒಂದು ಕೂದಲೆಳೆಯಷ್ಟು ಕಡಿಮೆ. ಫಲವಾಗಿ ನಮಗೆ ಆವೇಶವಿಲ್ಲದ ತಂತಿ ಅವನಿಗೆ ಧನ ಆವೇಶದ ತಂತಿ. ಅವನು ಅಳೆಯುವ ವಿದ್ಯುತ್ ಕ್ಷೇತ್ರ 1.25 × 0.6 × 6,000, ಅಂದರೆ ಮೀಟರಿಗೆ 4,500 ವೋಲ್ಟ್. ಅವನ ಕಾಂತಕ್ಷೇತ್ರ, ಅದೇ ಅಳತೆಯಲ್ಲಿ, 1.25 × 6,000, ಅಂದರೆ 7,500. ಕಾಂತಕ್ಷೇತ್ರವನ್ನು ಅಳಿಸಲು ಓಡಿದವನು ಅದನ್ನು ಹೆಚ್ಚಿಸಿಕೊಂಡಿದ್ದಾನೆ.

ಅವನ ಲೆಕ್ಕ ನೋಡಿ. 4,500ರ ವರ್ಗ 2.025 ಕೋಟಿ, 7,500ರ ವರ್ಗ 5.625 ಕೋಟಿ. ಕಳೆದರೆ ಮೈನಸ್ 3.6 ಕೋಟಿ, ಮೊದಲಿನಷ್ಟೇ. ಅವನ ವಿದ್ಯುತ್ ಕ್ಷೇತ್ರ ತಂತಿಯಿಂದ ಹೊರಮುಖವಾಗಿದೆ, ಕಾಂತಕ್ಷೇತ್ರ ತಂತಿಯನ್ನು ಸುತ್ತುತ್ತದೆ. ಎರಡೂ ಲಂಬ, ಹಾಗಾಗಿ ಎರಡನೆಯ ಸಂಖ್ಯೆಯೂ ಸೊನ್ನೆಯೇ.

ಈಗ ಮೇಷ್ಟ್ರ ಪ್ರಶ್ನೆಗೆ ಉತ್ತರ ಎದುರಿಗಿದೆ. ಕಾಂತಕ್ಷೇತ್ರ ಮಾಯವಾದರೆ ಉಳಿಯುವುದು ವಿದ್ಯುತ್ ಕ್ಷೇತ್ರದ ವರ್ಗ ಮಾತ್ರ, ಅದು ಎಂದೂ ಋಣ ಸಂಖ್ಯೆಯಾಗದು. ನಮ್ಮ ತಂತಿಯ ಸಂಖ್ಯೆ ಋಣ. ಹಾಗಾಗಿ ಬೆಳಕಿಗಿಂತ ಕಡಿಮೆ ವೇಗದಲ್ಲಿ ಯಾವ ದಿಕ್ಕಿಗೆ ಓಡಿದರೂ ಆ ಜಾಗದ ಕಾಂತಕ್ಷೇತ್ರವನ್ನು ಅಳಿಸಲಾಗದು. ಎಲೆಕ್ಟ್ರಾನ್‌ಗಳ ಜೊತೆಗೇ ಓಡಿದರೂ ಅಷ್ಟೆ. ಒಂದು ಚದರ ಮಿಲಿಮೀಟರ್ ಅಡ್ಡಗಾತ್ರದ ತಾಮ್ರದ ತಂತಿಯಲ್ಲಿ 1 ಆಂಪಿಯರ್ ಹರಿಯುವಾಗ ಅವು ಸಾಗುವುದು ಸೆಕೆಂಡಿಗೆ 0.07 ಮಿಲಿಮೀಟರ್, ಇರುವೆಗಿಂತ ಎಷ್ಟೋ ನಿಧಾನ. ಅವುಗಳ ಜೊತೆ ಹೆಜ್ಜೆ ಹಾಕಿದರೆ ಅವು ನಿಂತಂತೆ ಕಾಣುತ್ತವೆ ನಿಜ. ಆಗ ಅಯಾನುಗಳು ಅದೇ ವೇಗದಲ್ಲಿ ಹಿಂದಕ್ಕೆ ಸಾಗುತ್ತವೆ, ವಿದ್ಯುತ್ ಪ್ರವಾಹ ಹಾಗೆಯೇ ಉಳಿಯುತ್ತದೆ.

ಪರ್ಸೆಲ್ ಹೇಳಿದ್ದು ತಪ್ಪಲ್ಲ, ತಪ್ಪಿದ್ದು ನಾನು. ಎಲೆಕ್ಟ್ರಾನ್‌ಗಳು ಮಾತ್ರ ಇರುವ ಕಿರಣದಲ್ಲಿ, ಉದಾಹರಣೆಗೆ ಹಳೆಯ ಟೀವಿಯ ಪಿಕ್ಚರ್ ಟ್ಯೂಬಿನೊಳಗೆ, ಸರಿದೂಗಿಸುವ ಅಯಾನುಗಳಿಲ್ಲ. ಅಲ್ಲಿ ಮೊದಲನೆಯ ಸಂಖ್ಯೆ ಧನ. ಕಿರಣದ ಜೊತೆಗೆ ಓಡಿದವನಿಗೆ ಅದರ ಕಾಂತಕ್ಷೇತ್ರ ನಿಜಕ್ಕೂ ಇಲ್ಲವಾಗುತ್ತದೆ. ಎರಡು ಕಡೆಯೂ ಓಡುತ್ತಿರುವುದು ಎಲೆಕ್ಟ್ರಾನ್, ಎರಡು ಕಡೆಯೂ ಪಕ್ಕದ ದಿಕ್ಸೂಚಿಗೆ ತಗಲುವುದು ಕಾಂತಕ್ಷೇತ್ರ. ಒಂದು ಕಡೆ ಅದು ನೋಟದಿಂದ ಹುಟ್ಟಿದ್ದು, ಇನ್ನೊಂದು ಕಡೆ ಯಾವ ನೋಟದಿಂದಲೂ ಕಳೆಯಲಾಗದ್ದು. ಈ ವ್ಯತ್ಯಾಸವನ್ನು ದಿಕ್ಸೂಚಿ ಹೇಳಲಾರದು, ಆ ಸಂಖ್ಯೆಯ ಚಿಹ್ನೆ ಹೇಳುತ್ತದೆ.

ಥಾಮ್ಸನ್ ಕಂಡ ನೆಟ್ಟನೆಯ ಗೆರೆ

1897ರಲ್ಲಿ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಜೆ.ಜೆ. ಥಾಮ್ಸನ್ ಕ್ಯಾಥೋಡ್ ಕಿರಣವನ್ನು ಅಡ್ಡಡ್ಡವಾಗಿಟ್ಟ ಎರಡು ಕ್ಷೇತ್ರಗಳ ನಡುವೆ ಹಾಯಿಸಿದ. ವಿದ್ಯುತ್ ಕ್ಷೇತ್ರ ಕಿರಣವನ್ನು ಒಂದು ಕಡೆಗೆ ಎಳೆಯುತ್ತದೆ, ಕಾಂತಕ್ಷೇತ್ರ ಎದುರು ಕಡೆಗೆ. ಎರಡನ್ನೂ ಹೊಂದಿಸಿದರೆ ಕಿರಣ ಬಾಗದೆ ನೇರ ಹೋಗುತ್ತದೆ. ಆಗ ಅದರ ವೇಗ E ಯನ್ನು B ಯಿಂದ ಭಾಗಿಸಿದಷ್ಟು. ಎಲೆಕ್ಟ್ರಾನ್ ಪತ್ತೆಯಾದ ದಾರಿ ಇದು.

ಆ ಪ್ರಯೋಗವನ್ನು ನಮ್ಮ ಸಂಖ್ಯೆಗಳಿಂದ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಮೀಟರಿಗೆ 15,000 ವೋಲ್ಟಿನ ವಿದ್ಯುತ್ ಕ್ಷೇತ್ರ, 0.0005 ಟೆಸ್ಲಾ ಕಾಂತಕ್ಷೇತ್ರ ಇಟ್ಟುಕೊಳ್ಳಿ. ಕಾಂತಕ್ಷೇತ್ರವನ್ನು c ಯಿಂದ ಗುಣಿಸಿದರೆ 1,50,000, ವಿದ್ಯುತ್ತಿನ ಹತ್ತರಷ್ಟು. ಮೊದಲನೆಯ ಸಂಖ್ಯೆ ಋಣ, ಎರಡನೆಯದು ಸೊನ್ನೆ. ಅಂದರೆ ವಿದ್ಯುತ್ ಕ್ಷೇತ್ರ ಪೂರ್ತಿ ಅಳಿಯುವ ಒಂದು ಓಟ ಇರಲೇಬೇಕು. ಅದರ ವೇಗ ಬೆಳಕಿನ ಹತ್ತನೆಯ ಒಂದು ಪಾಲು, ಸೆಕೆಂಡಿಗೆ 30,000 ಕಿಲೋಮೀಟರ್. ನೇರ ಸಾಗುವ ಎಲೆಕ್ಟ್ರಾನಿನ ವೇಗವೂ ಅದೇ. ಆ ಎಲೆಕ್ಟ್ರಾನಿನ ಪಾಲಿಗೆ ವಿದ್ಯುತ್ ಕ್ಷೇತ್ರವೇ ಇಲ್ಲ. ಕಾಂತಕ್ಷೇತ್ರ ಇದೆ, ಆದರೆ ತನ್ನ ಲೆಕ್ಕದಲ್ಲಿ ತಾನು ನಿಂತೇ ಇರುವುದರಿಂದ ಅದು ತಾಗುವುದಿಲ್ಲ. ಎರಡು ಬಲಗಳು ಕಾದಾಡಿ ಸಮವಾದವು ಎಂದು ನಾವು ಹೇಳುವಲ್ಲಿ, ಬಲವೇ ಇರಲಿಲ್ಲ ಎಂದು ಅದು ಹೇಳುತ್ತದೆ.

ವಿದ್ಯುತ್ ಕ್ಷೇತ್ರವನ್ನು ಮೆಲ್ಲಗೆ ಏರಿಸುತ್ತ ಹೋದರೆ ನೇರ ಸಾಗಲು ಬೇಕಾದ ವೇಗವೂ ಏರುತ್ತದೆ. ಮೀಟರಿಗೆ 1,50,000 ವೋಲ್ಟ್ ತಲುಪಿದಾಗ ಬೇಕಾದ ವೇಗ ಬೆಳಕಿನ ವೇಗವೇ ಆಗಿಬಿಡುತ್ತದೆ. ಅದನ್ನು ದಾಟಿದರೆ ಸಂಖ್ಯೆ ಧನವಾಗುತ್ತದೆ, ನೇರ ಹೋಗುವ ಎಲೆಕ್ಟ್ರಾನ್ ಒಂದೂ ಉಳಿಯುವುದಿಲ್ಲ. ಕಾಂತಕ್ಷೇತ್ರ ಗೆದ್ದಿರುವ ಕಡೆ ಎಲೆಕ್ಟ್ರಾನ್ ಸುರುಳಿ ಸುತ್ತುತ್ತ ಪಕ್ಕಕ್ಕೆ ತೇಲುತ್ತದೆ, ಎಷ್ಟು ಹೊತ್ತಾದರೂ ಅದರ ಶಕ್ತಿ ಒಂದು ಮಿತಿಯೊಳಗೆ ಏರಿಳಿಯುತ್ತದೆ. ವಿದ್ಯುತ್ ಕ್ಷೇತ್ರ ಗೆದ್ದಿರುವ ಕಡೆ ಅದು ಹಿಡಿತ ತಪ್ಪಿ ಓಡುತ್ತದೆ, ಶಕ್ತಿ ಏರುತ್ತಲೇ ಹೋಗುತ್ತದೆ. ತೇಲುವುದೋ ಓಡಿಹೋಗುವುದೋ ಎಂಬುದು ನೋಡುವವನ ಇಷ್ಟಕ್ಕೆ ಬಿಟ್ಟದ್ದಾಗಿರಲು ಸಾಧ್ಯವಿಲ್ಲ. ಹಾಗಾಗಿಯೇ ಅದನ್ನು ತೀರ್ಮಾನಿಸುವ ಸಂಖ್ಯೆ ಎಲ್ಲರಿಗೂ ಒಂದೇ ಆಗಿದೆ.

ಇಲ್ಲಿ ವಿದ್ಯಾರ್ಥಿಗಳು ಬೀಳುವ ಒಂದು ಹಳ್ಳವಿದೆ, ನಾನೂ ಬಿದ್ದಿದ್ದೇನೆ. ಕ್ಷೇತ್ರದ ಶಕ್ತಿಯ ಸಾಂದ್ರತೆಯಲ್ಲಿ ಎರಡು ವರ್ಗಗಳನ್ನು ಕೂಡುತ್ತೇವೆ, ಕಳೆಯುವುದಿಲ್ಲ. ಆ ಮೊತ್ತ ಓಡುವವನಿಗೆ ಬದಲಾಗುತ್ತದೆ. ತಂತಿಯ ಲೆಕ್ಕದಲ್ಲೇ ನೋಡಿ: ನಿಂತವನಿಗೆ 3.6 ಕೋಟಿ, ಓಡಿದವನಿಗೆ 7.65 ಕೋಟಿ. ಮೊತ್ತ ಬದಲಾಗದೆ ಉಳಿದಿದೆ ಎಂದು ನಿಮ್ಮ ಹಾಳೆ ಹೇಳಿದರೆ ಎಲ್ಲೋ ಒಂದು ಚಿಹ್ನೆ ತಪ್ಪಿದೆ. ಇನ್ನೊಂದು ಮಾತು: ಈ ಎರಡು ಸಂಖ್ಯೆಗಳು ಒಂದು ಜಾಗ, ಒಂದು ಗಳಿಗೆಗೆ ಸೇರಿದವು. ತಂತಿಯಿಂದ ಒಂದು ಸೆಂಟಿಮೀಟರ್ ಆಚೆ ಒಂದು ಬೆಲೆ, ಎರಡು ಸೆಂಟಿಮೀಟರ್ ಆಚೆ ಇನ್ನೊಂದು. ಇಬ್ಬರು ವೀಕ್ಷಕರು ಹೋಲಿಸುವಾಗ ಅದೇ ಬಿಂದುವನ್ನು ಅದೇ ಗಳಿಗೆಯಲ್ಲಿ ಅಳೆದಿರಬೇಕು.

ಬೆಳಕು: ಎರಡೂ ಸೊನ್ನೆ

ಹದಿನಾರರ ವಯಸ್ಸಿನಲ್ಲಿ ಬೆಳಕಿನ ಹಿಂದೆ ಅದರ ವೇಗದಲ್ಲೇ ಓಡಿದರೆ ಏನು ಕಾಣುತ್ತದೆ ಎಂದು ಯೋಚಿಸಿದ್ದಾಗಿ ಐನ್‌ಸ್ಟೈನ್ ಮುಂದೆ ಬರೆದುಕೊಂಡ. ಆ ಪ್ರಶ್ನೆಗೆ ನಮ್ಮ ಸಂಖ್ಯೆಗಳು ಚುಟುಕಾಗಿ ಉತ್ತರಿಸುತ್ತವೆ. ಒಂದೇ ದಿಕ್ಕಿಗೆ ಸಾಗುವ ಬೆಳಕಿನಲ್ಲಿ ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳು ಪರಸ್ಪರ ಲಂಬ, ಮೀಟರಿಗೆ ವೋಲ್ಟಿನ ಅಳತೆಯಲ್ಲಿ ಸರಿಸಮ. ಎರಡೂ ಸಂಖ್ಯೆಗಳು ಸೊನ್ನೆ. ನಡುಮಧ್ಯಾಹ್ನ ಚದರ ಮೀಟರಿಗೆ 1,000 ವಾಟ್ ಬಿಸಿಲು ಬೀಳುವಾಗ ಅದರ ವಿದ್ಯುತ್ ಕ್ಷೇತ್ರ ಸರಾಸರಿ ಮೀಟರಿಗೆ ಸುಮಾರು 600 ವೋಲ್ಟ್, ಕಾಂತಕ್ಷೇತ್ರ ಸುಮಾರು 2 ಮೈಕ್ರೋಟೆಸ್ಲಾ. ಬೆಳಕು ಹೋಗುವ ದಿಕ್ಕಿಗೇ ಅದರ ಹತ್ತರಲ್ಲಿ ಆರು ಪಾಲು ವೇಗದಲ್ಲಿ ಓಡಿದರೆ ಎರಡೂ ಸರಿಯಾಗಿ ಅರ್ಧವಾಗುತ್ತವೆ. ಇನ್ನೂ ಜೋರಾಗಿ ಓಡಿದರೆ ಇನ್ನೂ ಕುಗ್ಗುತ್ತವೆ, ಆದರೆ ಜೋಡಿಯಾಗಿಯೇ ಕುಗ್ಗುತ್ತವೆ. ಒಂದನ್ನು ಉಳಿಸಿ ಇನ್ನೊಂದನ್ನು ಕಳೆಯುವ ಓಟವಿಲ್ಲ. ಬೆಳಕನ್ನು ನಿಲ್ಲಿಸಿ ನೋಡುವ ಓಟವೂ ಇಲ್ಲ.

ಎರಡು ಬೆಳಕುಗಳು ಎದುರುಬದುರಾದರೆ ಮಾತೇ ಬೇರೆ. ಈ ಸಂಖ್ಯೆಗಳಲ್ಲಿ ವರ್ಗಗಳಿರುವುದರಿಂದ ಅವು ಸುಮ್ಮನೆ ಕೂಡಿಕೊಳ್ಳುವುದಿಲ್ಲ. ಸೊನ್ನೆಗೆ ಸೊನ್ನೆ ಸೇರಿ ಸೊನ್ನೆಯಲ್ಲದ್ದು ಹುಟ್ಟಬಹುದು. ಕನ್ನಡಿಗೆ ನೇರವಾಗಿ ಬಿದ್ದ ಬೆಳಕು ಹಿಂದಿರುಗಿ ಬರುವ ಬೆಳಕಿನೊಡನೆ ಸೇರಿದಾಗ ನಿಂತ ಅಲೆಯಾಗುತ್ತದೆ. ಅದರಲ್ಲಿ ಕೆಲವು ಪದರಗಳಲ್ಲಿ ವಿದ್ಯುತ್ ಕ್ಷೇತ್ರ ಮಾತ್ರ ಕುಣಿಯುತ್ತದೆ, ಅಲ್ಲಿಂದ ಕಾಲು ಅಲೆಯಷ್ಟು ದೂರದ ಪದರಗಳಲ್ಲಿ ಕಾಂತಕ್ಷೇತ್ರ ಮಾತ್ರ. ಹಸಿರು ಬೆಳಕಿಗೆ ಈ ದೂರ ಒಂದು ಮಿಲಿಮೀಟರಿನ ಏಳು ಸಾವಿರದಲ್ಲಿ ಒಂದು ಪಾಲಿನಷ್ಟು. 1890ರಲ್ಲಿ ಜರ್ಮನಿಯ ಓಟ್ಟೊ ವೀನರ್ ಆ ಪದರಗಳನ್ನು ಫೋಟೊ ತೆಗೆದು ತೋರಿಸಿದ. ಬೆಳಕಿನ ಅಲೆಯುದ್ದಕ್ಕಿಂತ ಎಷ್ಟೋ ತೆಳುವಾದ ಫೋಟೊ ಲೇಪವನ್ನು ಕನ್ನಡಿಯ ಮುಂದೆ ತುಸುವೇ ಓರೆಯಾಗಿ ಇಟ್ಟ. ಓರೆಯಾಗಿದ್ದುದರಿಂದ ಲೇಪ ಒಂದೊಂದೇ ಪದರವನ್ನು ಹಾದುಹೋಯಿತು, ಕಪ್ಪು ಪಟ್ಟೆಗಳು ಮೂಡಿದವು. ಕನ್ನಡಿಗೆ ಒತ್ತಿಕೊಂಡ ಜಾಗದಲ್ಲಿ ಕಪ್ಪಾಗಲಿಲ್ಲ. ಲೋಹದ ಮೈಮೇಲೆ ವಿದ್ಯುತ್ ಕ್ಷೇತ್ರ ನಿಲ್ಲದು, ಅಲ್ಲಿರುವುದು ಕಾಂತಕ್ಷೇತ್ರದ ಕುಣಿತ. ಫೋಟೊ ಲೇಪವನ್ನು ಕಪ್ಪಾಗಿಸುವುದು ಬೆಳಕಿನ ವಿದ್ಯುತ್ ಪಾಲು ಎಂದು ಹೀಗೆ ಗೊತ್ತಾಯಿತು. ಆ ಪಟ್ಟೆಗಳ ನಡುವೆ ನಮ್ಮ ಮೊದಲನೆಯ ಸಂಖ್ಯೆ ಧನದಿಂದ ಋಣಕ್ಕೆ, ಋಣದಿಂದ ಧನಕ್ಕೆ ಹೊರಳುತ್ತಿರುತ್ತದೆ.

ಒಂಟಿ ಬೆಳಕಿನ ಎರಡು ಸೊನ್ನೆಗಳಿಂದ ಇನ್ನೊಂದು ಪರಿಣಾಮವಿದೆ. ಮೀಟರಿಗೆ ಸುಮಾರು 1.3 × 10¹⁸ ವೋಲ್ಟ್ ವಿದ್ಯುತ್ ಕ್ಷೇತ್ರ ಬರಿಯ ನಿರ್ವಾತದಿಂದಲೇ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಜೋಡಿಗಳನ್ನು ಕಿತ್ತು ತರಬಲ್ಲದು. ಆದರೆ ಜೋಡಿ ಹುಟ್ಟಿತೋ ಇಲ್ಲವೋ ಎನ್ನುವುದರಲ್ಲಿ ಎಲ್ಲ ವೀಕ್ಷಕರೂ ಒಪ್ಪಬೇಕು, ಆದ್ದರಿಂದ ಅದು ಈ ಎರಡು ಸಂಖ್ಯೆಗಳನ್ನೇ ಅವಲಂಬಿಸಬೇಕು. ಹಾಗಾಗಿ ಒಂದೇ ದಿಕ್ಕಿನ ಸಮತಲ ಅಲೆ, ಎಷ್ಟೇ ಪ್ರಬಲವಾಗಿದ್ದರೂ, ತಾನೊಂದೇ ನಿರ್ವಾತವನ್ನು ಸೀಳಲಾರದು ಎಂದು 1951ರಲ್ಲಿ ಜೂಲಿಯನ್ ಶ್ವಿಂಗರ್ ತೋರಿಸಿದ. ಎದುರಿನಿಂದ ಇನ್ನೊಂದು ಬರಬೇಕು.

ನಕ್ಷತ್ರದ ಮೈಮೇಲೆ ಎರಡನೆಯ ಸಂಖ್ಯೆ

ಈವರೆಗೆ ಎರಡನೆಯ ಸಂಖ್ಯೆ ಸೊನ್ನೆಯಾಗಿಯೇ ಕುಳಿತಿತ್ತು. ಅದು ಸೊನ್ನೆಯಲ್ಲದಿದ್ದರೆ ಯಾವ ಓಟವೂ ಎರಡರಲ್ಲಿ ಒಂದು ಕ್ಷೇತ್ರವನ್ನೂ ಅಳಿಸಲಾರದು. ಹೆಚ್ಚೆಂದರೆ ಎರಡನ್ನೂ ಒಂದೇ ಗೆರೆಗೆ ತರಬಹುದು. ಕಾಂತಕ್ಷೇತ್ರದ ಗೆರೆಯುದ್ದಕ್ಕೂ ವಿದ್ಯುತ್ ಕ್ಷೇತ್ರದ ಒಂದಿಷ್ಟು ಪಾಲು ಇದೆ ಎಂದು ಅದರ ಅರ್ಥ. ಕಾಂತಕ್ಷೇತ್ರ ಅಡ್ಡ ಓಟವನ್ನು ಬಾಗಿಸುತ್ತದೆಯೇ ಹೊರತು ತನ್ನ ಗೆರೆಯುದ್ದಕ್ಕೆ ಸಾಗುವುದನ್ನು ತಡೆಯದು. ಹಾಗಾಗಿ ಆ ಪಾಲಿಗೆ ಸಿಕ್ಕಿದ ಆವೇಶ ತಡೆಯಿಲ್ಲದೆ ವೇಗ ಪಡೆಯುತ್ತದೆ. ಇದರ ದೊಡ್ಡ ಉದಾಹರಣೆ ಆಕಾಶದಲ್ಲಿದೆ.

ಏಡಿ ನೀಹಾರಿಕೆಯ ನಡುವೆ ಏಡಿ ಪಲ್ಸಾರ್ ಎಂಬ ಒಂದು ನ್ಯೂಟ್ರಾನ್ ನಕ್ಷತ್ರವಿದೆ. ಅದರ ತ್ರಿಜ್ಯ ಹತ್ತು ಕಿಲೋಮೀಟರಿನ ಆಸುಪಾಸು, ಒಂದು ಸುತ್ತಿಗೆ 33 ಮಿಲಿಸೆಕೆಂಡ್. ಇಂಥ ನಕ್ಷತ್ರಗಳ ಕಾಂತಕ್ಷೇತ್ರ 10 ಕೋಟಿ ಟೆಸ್ಲಾ ಮಟ್ಟದ್ದು. ನಕ್ಷತ್ರದ ಒಡಲು ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುವ ವಸ್ತು. ಅದರ ಜೊತೆಗೇ ತಿರುಗುವವನಿಗೆ ಒಳಗೆ ವಿದ್ಯುತ್ ಕ್ಷೇತ್ರ ಇಲ್ಲ, ಹಾಗಾಗಿ ಎರಡನೆಯ ಸಂಖ್ಯೆ ಒಳಗೆ ಸೊನ್ನೆ. ದೂರದಲ್ಲಿ ನಿಂತ ನಮಗೆ ಅದೇ ಜಾಗದಲ್ಲಿ ತಿರುಗುವ ವೇಗವನ್ನು ಕಾಂತಕ್ಷೇತ್ರದಿಂದ ಗುಣಿಸಿದಷ್ಟು, ಮೀಟರಿಗೆ ಸುಮಾರು 2 × 10¹⁴ ವೋಲ್ಟ್ ವಿದ್ಯುತ್ ಕ್ಷೇತ್ರ ಕಾಣುತ್ತದೆ. ಆದರೆ ಅದು ಕಾಂತಕ್ಷೇತ್ರಕ್ಕೆ ಲಂಬವಾಗಿದೆ, ನಮ್ಮ ಲೆಕ್ಕದಲ್ಲೂ ಎರಡನೆಯ ಸಂಖ್ಯೆ ಸೊನ್ನೆ. ಎರಡು ನೋಟಗಳೂ ಒಪ್ಪುತ್ತವೆ.

ನಕ್ಷತ್ರದ ಹೊರಗೆ ಬರಿಯ ನಿರ್ವಾತವಿದೆ ಎಂದುಕೊಂಡು ಲೆಕ್ಕ ಹಾಕಿದರೆ ಮೈಯ ಗಡಿ ದಾಟಿದ ಕೂಡಲೇ ಆ ಸಂಖ್ಯೆ ಸೊನ್ನೆಯಾಗಿ ಉಳಿಯುವುದಿಲ್ಲ. ಕಾಂತದ ಗೆರೆಗಳ ಉದ್ದಕ್ಕೂ ಅದೇ ಮಟ್ಟದ ವಿದ್ಯುತ್ ಕ್ಷೇತ್ರ ಎದ್ದುನಿಲ್ಲುತ್ತದೆ. 1969ರಲ್ಲಿ ಪೀಟರ್ ಗೋಲ್ಡ್‌ರೈಕ್ ಮತ್ತು ವಿಲಿಯಂ ಜೂಲಿಯನ್ ಹಿಡಿದದ್ದು ಈ ಎಳೆಯನ್ನು. ನ್ಯೂಟ್ರಾನ್ ನಕ್ಷತ್ರದ ಗುರುತ್ವ ಭೂಮಿಯದಕ್ಕಿಂತ ಸಾವಿರಾರು ಕೋಟಿ ಪಟ್ಟು ಹೆಚ್ಚು, ಆದ್ದರಿಂದ ಅದರ ಮೈಮೇಲಿನಿಂದ ಏನೂ ಏಳಲಾರದು ಅನ್ನಿಸುತ್ತದೆ. ಹೋಲಿಸಿ ನೋಡಿದರೆ ಎಲೆಕ್ಟ್ರಾನಿನ ಮೇಲೆ ಈ ವಿದ್ಯುತ್ ಎಳೆತ ಆ ಗುರುತ್ವದ ಎಳೆತಕ್ಕಿಂತ ಹತ್ತು ಲಕ್ಷ ಕೋಟಿ ಪಟ್ಟು. ಆವೇಶಗಳು ಕಿತ್ತುಕೊಂಡು ಬರಬೇಕು. ನಿರ್ವಾತ ನಿರ್ವಾತವಾಗಿ ಉಳಿಯಲಾರದು ಎಂದು ಅವರು ಬರೆದರು.

ಹೊರಬಂದ ಆವೇಶಗಳು ಗೆರೆಗಳ ಉದ್ದಕ್ಕೂ ಹರಡಿ, ತಮ್ಮನ್ನು ಎಳೆದ ವಿದ್ಯುತ್ ಕ್ಷೇತ್ರವನ್ನೇ ತಣಿಸುತ್ತವೆ. ಎರಡನೆಯ ಸಂಖ್ಯೆ ಮತ್ತೆ ಸೊನ್ನೆಯ ಕಡೆಗೆ ಇಳಿಯುತ್ತದೆ. ಆಗ ಉಳಿದ ವಿದ್ಯುತ್ ಕ್ಷೇತ್ರ ಕಾಂತಕ್ಕೆ ಲಂಬ ಮಾತ್ರ, ಮೊದಲನೆಯ ಸಂಖ್ಯೆ ಋಣ. ಥಾಮ್ಸನ್ನನ ಕೊಳವೆಯಲ್ಲಿ ಇದ್ದ ಸ್ಥಿತಿಯೇ ಇದು. ಅಂದರೆ ವಿದ್ಯುತ್ ಕ್ಷೇತ್ರ ಅಳಿಯುವ ಒಂದು ಓಟ ಪ್ರತಿ ಬಿಂದುವಿನಲ್ಲೂ ಇದೆ, ಅದು ನಕ್ಷತ್ರದ ಜೊತೆ ತಿರುಗುವ ಓಟ. ಆವೇಶಗಳೆಲ್ಲ ಗೆರೆಗೆ ಪೋಣಿಸಿದ ಮಣಿಗಳಂತೆ ನಕ್ಷತ್ರದ ಜೊತೆಗೇ ಸುತ್ತುತ್ತವೆ.

ಎಷ್ಟು ದೂರದವರೆಗೆ? ಹೊರಹೋದಂತೆ ಜೊತೆಗೆ ಸುತ್ತಲು ಬೇಕಾದ ವೇಗ ಏರುತ್ತದೆ. ಏಡಿ ಪಲ್ಸಾರಿನಲ್ಲಿ ಅಕ್ಷದಿಂದ ಸುಮಾರು 1,600 ಕಿಲೋಮೀಟರ್ ದೂರಕ್ಕೆ ಆ ವೇಗ ಬೆಳಕಿನದಾಗುತ್ತದೆ, ಜೊತೆಗೆ ಸುತ್ತುವುದಕ್ಕೆ ಬೇಕಾದ ವಿದ್ಯುತ್ ಕ್ಷೇತ್ರ ಕಾಂತಕ್ಷೇತ್ರಕ್ಕೆ ಸಮವಾಗುತ್ತದೆ. ಮೊದಲನೆಯ ಸಂಖ್ಯೆ ಸೊನ್ನೆ ಮುಟ್ಟುವ ಆ ಗಡಿಗೆ ಬೆಳಕಿನ ಸಿಲಿಂಡರ್ ಎಂದು ಹೆಸರು. ಅದರೊಳಗೇ ತಿರುಗಿ ಬರುವ ಕಾಂತದ ಗೆರೆಗಳು ಮುಚ್ಚಿದ ಕುಣಿಕೆಗಳು. ಅದನ್ನು ದಾಟುವ ಗೆರೆಗಳು ಮುಚ್ಚಿಕೊಳ್ಳಲಾರದೆ, ಹಿಂದಕ್ಕೆ ಬಾಗಿ, ಹೊರಕ್ಕೆ ತೆರೆದುಕೊಂಡು ಆವೇಶಗಳನ್ನು ಹೊತ್ತೊಯ್ಯುತ್ತವೆ. ತೆರೆದ ಗೆರೆಗಳು ಹೊರಡುವುದು ನಕ್ಷತ್ರದ ಕಾಂತಧ್ರುವಗಳ ಸುತ್ತಲಿನ ಸಣ್ಣ ಜಾಗದಿಂದ. ಅಲ್ಲಿ ಆವೇಶಗಳ ಕೊರತೆ ಬಿದ್ದ ಕಡೆ ಎರಡನೆಯ ಸಂಖ್ಯೆ ಮತ್ತೆ ಸೊನ್ನೆ ಬಿಟ್ಟು ಏಳುತ್ತದೆ. ಆ ಬಿರುಕುಗಳಲ್ಲೇ ಕಣಗಳು ಭಾರಿ ವೇಗ ಪಡೆಯುತ್ತವೆ.

ಕಂಪ್ಯೂಟರಿನಲ್ಲಿ ಪಲ್ಸಾರನ್ನು ಕಟ್ಟುವವರಿಗೆ ಈ ಎರಡು ಸಂಖ್ಯೆಗಳು ದಿನನಿತ್ಯದ ಕಾವಲು. ಆವೇಶ ತುಂಬಿದ ಕ್ಷೇತ್ರದ ಸರಳ ಮಾದರಿಯಲ್ಲಿ ಎರಡನೆಯದು ಸೊನ್ನೆಯಾಗಿರಬೇಕು, ಮೊದಲನೆಯದು ಋಣವಾಗಿರಬೇಕು. ಲೆಕ್ಕದ ಸಣ್ಣಪುಟ್ಟ ತಪ್ಪುಗಳು ಸೇರಿ ಎರಡನೆಯದು ಮೆಲ್ಲಗೆ ಜಾರುತ್ತದೆ. ಆಗ ಕಾಂತದ ಉದ್ದಕ್ಕಿರುವ ವಿದ್ಯುತ್ ಪಾಲನ್ನು ಹೆಜ್ಜೆಹೆಜ್ಜೆಗೂ ಕತ್ತರಿಸಬೇಕಾಗುತ್ತದೆ. ಎದುರು ದಿಕ್ಕಿನ ಕಾಂತದ ಗೆರೆಗಳು ಸಂಧಿಸುವ ತೆಳು ಹಾಳೆಗಳಲ್ಲಿ ಮೊದಲನೆಯದು ಧನಕ್ಕೆ ಹೊರಳುತ್ತದೆ. ಅದು ಲೆಕ್ಕದ ದೋಷ ಮಾತ್ರವಲ್ಲ, ಅಲ್ಲಿ ಸರಳ ಮಾದರಿ ಮುಗಿದು ಕಣಗಳನ್ನು ಒಂದೊಂದಾಗಿ ಹಿಂಬಾಲಿಸಬೇಕಾದ ಭೌತಶಾಸ್ತ್ರ ಶುರುವಾಯಿತು ಎಂಬ ಸೂಚನೆ.

ಗೋಲ್ಡ್‌ರೈಕ್ ಮತ್ತು ಜೂಲಿಯನ್ ಬರೆದ ಅದೇ 1969ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಿಂದ ವಿ. ರಾಧಾಕೃಷ್ಣನ್ ಮತ್ತು ಡೇವಿಡ್ ಕುಕ್ ಇನ್ನೊಂದು ಪಲ್ಸಾರಿನ, ವೇಲಾದ, ರೇಡಿಯೊ ಮಿಡಿತಗಳನ್ನು ವಿವರಿಸಿದರು. ಸಿ.ವಿ. ರಾಮನ್ನರ ಮಗ ರಾಧಾಕೃಷ್ಣನ್ 1972ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದವರು. ಒಂದೊಂದು ಮಿಡಿತದ ಒಳಗೂ ಅಲೆಯ ವಿದ್ಯುತ್ ಕ್ಷೇತ್ರದ ದಿಕ್ಕು ನುಣುಪಾಗಿ ಹೊರಳುವುದನ್ನು ಅವರು ಕಂಡರು. ಕಾಂತಧ್ರುವವೊಂದು ನಮ್ಮ ಕಣ್ಣೆದುರು ಹಾದುಹೋದರೆ ಅದರಿಂದ ಕವಲೊಡೆದ ಗೆರೆಗಳ ದಿಕ್ಕು ಹೇಗೆ ತಿರುಗಬೇಕೋ ಹಾಗೆಯೇ ಅದು ತಿರುಗುತ್ತಿತ್ತು. ಮಿಡಿತ ಬರುವುದು ಧ್ರುವದ ಬಳಿಯ ಆ ತೆರೆದ ಗೆರೆಗಳಿಂದ ಎಂಬುದಕ್ಕೆ ಸಿಕ್ಕ ಬಲವಾದ ಸುಳಿವು ಇದು.

ನಕ್ಷತ್ರದ ಮೈಮೇಲೆ ಮೊದಲನೆಯ ಸಂಖ್ಯೆ ಊಹೆಗೆ ನಿಲುಕದಷ್ಟು ದೊಡ್ಡ ಋಣ. ಬಿರುಕುಗಳಲ್ಲಿ ಎರಡನೆಯದು ಸೊನ್ನೆಯಲ್ಲ. ಅಲ್ಲಿಂದ ಹೊರಟ ಅಲೆ ಏಡಿ ಪಲ್ಸಾರಿನಿಂದ ಸುಮಾರು 6,500 ವರ್ಷ ಸಾಗಿ ಇಲ್ಲಿನ ಆಂಟೆನಾ ಮುಟ್ಟುವಾಗ ಅದನ್ನು ಬಿಡಿಯಾಗಿ ಅಳೆದು ನೋಡಿದರೆ ಎರಡೂ ಸಂಖ್ಯೆಗಳು ಸೊನ್ನೆ.